ಹತ್ತು ಕಡೆ ಒಂದೇ ನಂಬರ್: ಡಾಕ್ಟರ ಅಸಲಿ ವೆಬ್‌ಸೈಟ್ ಯಾವುದು?

(ಮೈಸೂರಿನ ಹಿರಿಯರ ಬಳಗವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಪರದೆ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ಹೇಳಿದ್ದೇನೆ. ಕೊನೆಯಲ್ಲಿ ಬಂದ ಒಂದೆರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಒಂದೇ ಒಂದು ಪ್ರಸಂಗ ಹಿಡಿದುಕೊಂಡು ಮಾತಾಡುತ್ತೇನೆ. ಪುಣೆಯಲ್ಲಿ ಕೆಲಸದಲ್ಲಿರುವ ಒಬ್ಬ ಹೆಣ್ಣುಮಗಳು. ತಾಯಿ ಇರುವುದು ಇಲ್ಲೇ ಮೈಸೂರಿನಲ್ಲಿ. ತಾಯಿಗೆ ಕಿವಿ ಮಂದವಾಗಿದೆ. ಹಿಂದೆ ಸರಸ್ವತಿಪುರಂನಲ್ಲಿ ಒಬ್ಬ ಕಿವಿ, ಮೂಗು, ಗಂಟಲು ಡಾಕ್ಟರಿಗೆ ತೋರಿಸಿದ್ದರು. ಈಗಲೂ ಅವರೇ ಬೇಕು, ಬೇರೆಯವರು ಬೇಡ ಅಂತ ಹಟ. ಮಗಳು ಅಲ್ಲಿಂದಲೇ ಅಪಾಯಿಂಟ್‌ಮೆಂಟ್ ತಗೋಬೇಕು. ಡಾಕ್ಟರ ಹೆಸರು ಗೊತ್ತು, ಕ್ಲಿನಿಕ್ ಹೆಸರು ಮರೆತಿದೆ. ಗುರುತು ಸಿಗದಿರಲಿ ಅಂತ ನಾನು ಇಬ್ಬರ ಹೆಸರೂ ಹೇಳುವುದಿಲ್ಲ, ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ.

ಅವರು ಗೂಗಲ್‌ನಲ್ಲಿ ಡಾಕ್ಟರ ಹೆಸರು, ಮುಂದೆ ಮೈಸೂರು ಅಂತ ಹಾಕಿದರು. ಏನೇನು ಬಂತು ನೋಡಿ. ಮೇಲೆ ಮ್ಯಾಪ್. ಅದರಲ್ಲಿ ಒಂದೇ ಡಾಕ್ಟರ ಹೆಸರಿಗೆ ಎರಡು ಪಿನ್. ಒಂದು ಸರಸ್ವತಿಪುರಂನಲ್ಲಿ, ಇನ್ನೊಂದು ಕುವೆಂಪುನಗರದಲ್ಲಿ. ಕೆಳಗೆ ಸಾಲಾಗಿ ಡೈರೆಕ್ಟರಿಗಳು. ಜಸ್ಟ್‌ಡಯಲ್, ಪ್ರ್ಯಾಕ್ಟೋ ಹೆಸರು ನೀವೂ ಕೇಳಿರುತ್ತೀರಿ. ಅವಲ್ಲದೆ ಹೆಸರೇ ಕೇಳದ ಇನ್ನಷ್ಟು. ಅವುಗಳ ನಡುವೆ ಡಾಕ್ಟರ ಹೆಸರು ಮತ್ತು ಊರಿನ ಹೆಸರು ಸೇರಿಸಿ ಮಾಡಿದ ಒಂದು ಚೆಂದದ ವೆಬ್‌ಸೈಟ್. ಬಹುತೇಕ ಎಲ್ಲ ಡೈರೆಕ್ಟರಿಗಳಲ್ಲೂ ವಿಳಾಸ ಒಂದೇ, ಸರಸ್ವತಿಪುರಂದು. ಮೊಬೈಲ್ ನಂಬರೂ ಒಂದೇ. ‘ಇಷ್ಟು ಕಡೆ ಇದೆ ಅಂದ ಮೇಲೆ ಸರಿ ಇರಲೇಬೇಕು ಅಲ್ವಾ ಸಾರ್?’ ಅಂತ ಅವರು ಕೇಳಿದರು.

ಇವತ್ತು ನಾನು ಹೇಳಬೇಕಾದ್ದು ಈ ಪ್ರಶ್ನೆಗೆ ಉತ್ತರ, ಅಷ್ಟೇ. ಸರಿ ಇರಬೇಕು ಅಂತೇನಿಲ್ಲ. ಊರಲ್ಲಿ ಒಬ್ಬ ಹೇಳಿದ ಮಾತು ಹತ್ತು ಬಾಯಿಗೆ ಬಂದರೆ ಅದು ಹತ್ತು ಸಾಕ್ಷಿ ಆಗುವುದಿಲ್ಲ. ಡೈರೆಕ್ಟರಿಗಳ ಕಥೆಯೂ ಹಾಗೇ.

ಈ ಡೈರೆಕ್ಟರಿಗಳಿಗೆ ವಿವರ ಎಲ್ಲಿಂದ ಬರುತ್ತದೆ? ಕೆಲವು ಕಡೆ ಡಾಕ್ಟರೇ ಕೊಟ್ಟಿರುತ್ತಾರೆ. ಕೆಲವು ಕಡೆ ಯಾವುದೋ ಕಾಲದಲ್ಲಿ ಒಬ್ಬ ಹುಡುಗ ಬೀದಿ ಬೀದಿ ತಿರುಗಿ ಬೋರ್ಡ್ ನೋಡಿ ಬರೆದುಕೊಂಡಿರುತ್ತಾನೆ. ಉಳಿದವು ಇವುಗಳಿಂದಲೇ ಎತ್ತಿಕೊಳ್ಳುತ್ತವೆ. ಎತ್ತುವುದು ಮನುಷ್ಯರಲ್ಲ, ಪ್ರೋಗ್ರಾಂ. ಅದಕ್ಕೆ ಕ್ಲಿನಿಕ್ ಮುಚ್ಚಿದೆಯೋ, ಬೇರೆ ಕಡೆ ಹೋಗಿದೆಯೋ ಗೊತ್ತಾಗುವುದಿಲ್ಲ.

ಇದನ್ನು ಪತ್ತೆ ಮಾಡುವುದು ಸುಲಭ. ತಪ್ಪುಗಳನ್ನು ನೋಡಿ. ನಮ್ಮ ಪ್ರಸಂಗದಲ್ಲಿ ಡಾಕ್ಟರ ಹೆಸರಿನ ಕೊನೆಯಲ್ಲಿ ಇಂಗ್ಲಿಷಿನ ಒಂದು ಅಕ್ಷರ ಬಿಟ್ಟುಹೋಗಿತ್ತು. ಅದೇ ಅಕ್ಷರ ಎಲ್ಲ ಕಡೆಯೂ ಬಿಟ್ಟುಹೋಗಿತ್ತು. ವಿಳಾಸದಲ್ಲಿ ‘ಪೆಟ್ರೋಲ್ ಬಂಕ್ ಎದುರು’ ಅಂತಿತ್ತು. ಎಲ್ಲ ಕಡೆಯೂ ಹಾಗೇ, ಯಾವ ಬಂಕ್ ಅಂತ ಯಾರೂ ಹೇಳಿಲ್ಲ. ಕಿವಿ ಡಾಕ್ಟರ ಹೊರರೋಗಿ ಕ್ಲಿನಿಕ್ಕಿಗೆ ‘24 ಗಂಟೆ ತೆರೆದಿರುತ್ತದೆ’ ಅಂತ ಬರೆದಿತ್ತು, ಅದೂ ಎಲ್ಲ ಕಡೆ. ಸರಿಯಾದ ವಿವರ ಹತ್ತು ಕಡೆ ಒಂದೇ ಇದ್ದರೆ ಏನೂ ಹೇಳಲಾಗದು. ಆದರೆ ಒಂದೇ ತಪ್ಪು ಹತ್ತು ಕಡೆ ಇದ್ದರೆ, ಮೂಲ ಒಂದೇ ಅಂತ ಗೊತ್ತಾಯಿತು. ಆಮೇಲೆ ಆ ಹತ್ತನ್ನೂ ಸೇರಿಸಿ ಒಂದು ಅಂತಲೇ ಲೆಕ್ಕ ಹಾಕಿ.

ಡೈರೆಕ್ಟರಿ ಪುಟವನ್ನೇ ಕ್ಲಿನಿಕ್ಕಿನ ವೆಬ್‌ಸೈಟ್ ಅಂದುಕೊಳ್ಳುವವರು ಜಾಸ್ತಿ. ಪುಟವನ್ನು ಕೆಳಗೆ ಸರಿಸುತ್ತಾ ಹೋಗಿ. ‘ಹತ್ತಿರದ ಇತರ ಡಾಕ್ಟರುಗಳು’ ಅಂತ ಬೇರೆಯವರ ಹೆಸರು, ಫೋಟೋ ಬಂತಾ? ಹಾಗಾದರೆ ಅದು ಡೈರೆಕ್ಟರಿ. ಯಾವ ಡಾಕ್ಟರೂ ತಮ್ಮ ಸ್ವಂತ ವೆಬ್‌ಸೈಟಿನಲ್ಲಿ ಪಕ್ಕದ ರಸ್ತೆಯ ಇನ್ನೊಬ್ಬ ಡಾಕ್ಟರ ವಿಳಾಸ ಹಾಕುವುದಿಲ್ಲ. ಅಲ್ಲಿ ಕಾಣುವ ಫೋನ್ ನಂಬರ್ ಕೂಡ ಕೆಲವೊಮ್ಮೆ ಕ್ಲಿನಿಕ್ಕಿನದಲ್ಲ. ಡೈರೆಕ್ಟರಿಯವರದೇ ನಂಬರ್. ಅವರಿಗೆ ಹೋಗಿ, ಅಲ್ಲಿಂದ ಕ್ಲಿನಿಕ್ಕಿಗೆ ದಾಟುತ್ತದೆ. ಎಷ್ಟು ಕಾಲ್ ಬಂತು ಅಂತ ಲೆಕ್ಕ ಇಡುವುದಕ್ಕೆ ಆ ಏರ್ಪಾಡು. ಅದು ಮೋಸ ಅಲ್ಲ. ಆದರೆ ಆ ನಂಬರ್ ಹಿಡಿದು ಅಸಲಿ ವೆಬ್‌ಸೈಟ್ ಹುಡುಕಿದರೆ ಮತ್ತೆ ಅದೇ ಡೈರೆಕ್ಟರಿಗೆ ಬಂದು ನಿಲ್ಲುತ್ತೀರಿ.

ಈಗ ಮ್ಯಾಪ್‌ಗೆ ಬರೋಣ. ಮ್ಯಾಪ್ ಅಂದರೆ ಗೂಗಲ್‌ನವರೇ ಬಂದು ನೋಡಿ ಬರೆದದ್ದು ಅಂತ ತುಂಬಾ ಜನಕ್ಕೆ ನಂಬಿಕೆ. ಅಲ್ಲ. ವಿವರ ಕ್ಲಿನಿಕ್ಕಿನವರಿಂದ ಬಂದಿರಬಹುದು, ಬೇರೆ ವೆಬ್‌ಸೈಟುಗಳಿಂದ ತಾನಾಗಿ ತುಂಬಿರಬಹುದು, ದಾರಿಹೋಕರು ತಿದ್ದಿರಬಹುದು. ಯಾವುದೇ ಲಿಸ್ಟಿಂಗ್ ತೆರೆದರೆ `Suggest an edit` ಅಂತ ಇರುತ್ತದೆ. ಅದನ್ನು ಒತ್ತಿ ಯಾರು ಬೇಕಾದರೂ ಫೋನ್ ನಂಬರ್, ವೆಬ್‌ಸೈಟ್ ಬದಲಿಸಿ ಅಂತ ಸೂಚಿಸಬಹುದು. ಗೂಗಲ್ ಒಪ್ಪಿದರೆ ಬದಲಾಗುತ್ತದೆ. 2018ರಲ್ಲಿ ಮಹಾರಾಷ್ಟ್ರದಲ್ಲಿ ಬ್ಯಾಂಕ್ ಆಫ್ ಇಂಡಿಯಾ ಶಾಖೆಗಳ ಲಿಸ್ಟಿಂಗಿನಲ್ಲಿ ಮೋಸಗಾರರು ತಮ್ಮ ನಂಬರ್ ತುಂಬಿದ್ದರು. ಬ್ಯಾಂಕಿಗೆ ಅಂತ ಫೋನ್ ಮಾಡಿದವರು ಕಳ್ಳರಿಗೇ ಕಾರ್ಡ್ ವಿವರ ಹೇಳಿದರು. ಬ್ಯಾಂಕಿಗೇ ಹೀಗಾದರೆ ಎರಡು ಕೋಣೆಯ ಕ್ಲಿನಿಕ್ಕಿನ ಲಿಸ್ಟಿಂಗನ್ನು ಯಾರು ಕಾಯುತ್ತಾರೆ?

ಲಿಸ್ಟಿಂಗಿನಲ್ಲಿ `Own this business?` ಅಥವಾ `Claim this business` ಅಂತ ಕಂಡರೆ, ಅದನ್ನು ಇನ್ನೂ ಯಾರೂ ತಮ್ಮದು ಅಂತ ವಹಿಸಿಕೊಂಡಿಲ್ಲ ಎಂದರ್ಥ. ಸರಸ್ವತಿಪುರಂ ಪಿನ್‌ನಲ್ಲಿ ಅದು ಇತ್ತು. ಆದರೆ ರಿವ್ಯೂ ಜಾಸ್ತಿ ಇದ್ದದ್ದು ಅದಕ್ಕೇ. ಹಳೆಯದಲ್ಲವೇ, ವರ್ಷಗಳಿಂದ ಸೇರುತ್ತಾ ಬಂದಿವೆ. ರಿವ್ಯೂಗಳನ್ನು ಹೊಸದು ಮೊದಲು ಬರುವಂತೆ ಜೋಡಿಸಿ ನೋಡಲು ಹೇಳಿದೆ. ಒಬ್ಬರು ಬರೆದಿದ್ದರು: ‘ಕ್ಲಿನಿಕ್ ಶಿಫ್ಟ್ ಆಗಿದೆ, ಇಲ್ಲಿ ಈಗ ಬಟ್ಟೆ ಅಂಗಡಿ.’ ಎಷ್ಟು ಸ್ಟಾರ್ ಇದೆ ಅನ್ನುವುದಕ್ಕಿಂತ ಇಂಥ ಒಂದು ಸಾಲು ಬೆಲೆಬಾಳುತ್ತದೆ.

ಕುವೆಂಪುನಗರದ ಪಿನ್‌ನಲ್ಲಿ ವೆಬ್‌ಸೈಟ್ ಬಟನ್ ಇತ್ತು. ಒತ್ತಿದರೆ ಪುಟವೇ ಇಲ್ಲ. ವಿಳಾಸದ ಕೊನೆಯಲ್ಲಿ `business.site` ಅಂತಿತ್ತು. ಇದರ ಹಿಂದೆ ಒಂದು ಕಥೆ ಇದೆ. ಗೂಗಲ್ ಮೊದಲು ಸಣ್ಣ ವ್ಯಾಪಾರದವರಿಗೆ ಪುಕ್ಕಟೆಯಾಗಿ ಒಂದು ಪುಟದ ವೆಬ್‌ಸೈಟ್ ಮಾಡಿಕೊಡುತ್ತಿತ್ತು. ಸಣ್ಣ ಕ್ಲಿನಿಕ್‌ಗಳೂ ಅದನ್ನೇ ಬಳಸುತ್ತಿದ್ದವು. 2024ರ ಮಾರ್ಚ್‌ನಲ್ಲಿ ಗೂಗಲ್ ಅದನ್ನು ನಿಲ್ಲಿಸಿತು. ಜೂನ್ 10ರ ತನಕ ಆ ವಿಳಾಸಗಳು ಮ್ಯಾಪ್ ಲಿಸ್ಟಿಂಗಿಗೆ ತಿರುಗಿಸುತ್ತಿದ್ದವು, ಆಮೇಲೆ ಅದೂ ಇಲ್ಲ. ಹಾಗಾಗಿ ಇಂಥ ಸತ್ತ ಲಿಂಕ್ ಕಂಡರೆ ಕ್ಲಿನಿಕ್ ನಕಲಿ ಅಂತಲ್ಲ. ಒಂದು ಕಾಲದಲ್ಲಿ ಅಸಲಿ ಪುಟ ಇತ್ತು, ಈಗ ಇಲ್ಲ, ಅಷ್ಟೇ. ಖಾಲಿಯಾದ ಆ ಜಾಗಕ್ಕೇ ಡೈರೆಕ್ಟರಿಗಳು ಮುಂದೆ ಬಂದು ಕೂತಿವೆ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಕ್ಲಿನಿಕ್ಕಿನವರೇ ಅಚ್ಚು ಹಾಕಿಸಿ ನಿಮ್ಮ ಕೈಗೆ ಕೊಟ್ಟದ್ದರಿಂದ. ಔಷಧಿ ಚೀಟಿ, ಬಿಲ್ಲು, ಪರೀಕ್ಷೆಯ ರಿಪೋರ್ಟ್, ಏನಾದರೂ ಸರಿ. ಹಿರಿಯರ ಒಂದು ಒಳ್ಳೆಯ ಗುಣ ಅಂದರೆ ಹಳೇ ಚೀಟಿ ಬಿಸಾಡುವುದಿಲ್ಲ. ಆ ತಾಯಿಯೂ ಪ್ಲಾಸ್ಟಿಕ್ ಕವರಿನಲ್ಲಿ ಎಲ್ಲ ಇಟ್ಟಿದ್ದರು. ಪಕ್ಕದ ಮನೆ ಹುಡುಗ ಫೋಟೋ ತೆಗೆದು ಕಳಿಸಿದ.

ಚೀಟಿಯ ಮೇಲೆ ಡಾಕ್ಟರ ಹೆಸರು ಸರಿಯಾದ ಸ್ಪೆಲ್ಲಿಂಗಿನಲ್ಲಿತ್ತು. ಡಿಗ್ರಿ ಇತ್ತು. `KMC Reg. No.` ಇತ್ತು, ಅಂದರೆ ಕರ್ನಾಟಕ ಮೆಡಿಕಲ್ ಕೌನ್ಸಿಲ್ ಕೊಟ್ಟ ನೋಂದಣಿ ಸಂಖ್ಯೆ. 2002ರ ವೈದ್ಯ ನೀತಿ ನಿಯಮಗಳ ಪ್ರಕಾರ ಡಾಕ್ಟರುಗಳು ಇದನ್ನು ಕ್ಲಿನಿಕ್ಕಿನಲ್ಲೂ ಚೀಟಿಯಲ್ಲೂ ರಸೀದಿಯಲ್ಲೂ ತೋರಿಸಬೇಕು. ಒಂದು ಸ್ಥಿರ ದೂರವಾಣಿ ನಂಬರ್ ಇತ್ತು, 0821ರಿಂದ ಶುರುವಾಗುವುದು. ಎಲ್ಲಕ್ಕಿಂತ ಮುಖ್ಯವಾಗಿ ಕ್ಲಿನಿಕ್ಕಿನ ಹೆಸರು ಇತ್ತು. ಡಾಕ್ಟರ ತಾಯಿಯ ಹೆಸರಿನಲ್ಲಿಟ್ಟ ಕ್ಲಿನಿಕ್. ನಮ್ಮಲ್ಲಿ ಇದು ಮಾಮೂಲು. ನಾವು ನೆನಪಿಡುವುದು ಡಾಕ್ಟರ ಹೆಸರು, ಅವರು ವೆಬ್‌ಸೈಟ್ ಮಾಡಿಸುವುದು ಅಮ್ಮನ ಹೆಸರಿನಲ್ಲೋ ಮನೆದೇವರ ಹೆಸರಿನಲ್ಲೋ. ಬರೀ ಡಾಕ್ಟರ ಹೆಸರು ಹಾಕಿದರೆ ಡೈರೆಕ್ಟರಿಗಳೇ ಮೇಲೆ ಬರುವುದಕ್ಕೆ ಇದೂ ಒಂದು ಕಾರಣ.

ಮೊದಲು ನಂಬರ್ ಹುಡುಕಿದೆವು. ಎರಡೂ ಕಡೆ ಉದ್ಧರಣ ಚಿಹ್ನೆ ಹಾಕಿದರೆ ಗೂಗಲ್ ಅದನ್ನೇ ಹುಡುಕುತ್ತದೆ. ಬಿಡಿಸಿ ಬರೆದು ಒಮ್ಮೆ, ಕೂಡಿಸಿ ಒಮ್ಮೆ, ದೇಶದ ಕೋಡ್ ಸೇರಿಸಿ ಒಮ್ಮೆ, ಏಕೆಂದರೆ ಒಬ್ಬೊಬ್ಬರು ಒಂದೊಂದು ರೀತಿ ಬರೆದಿರುತ್ತಾರೆ. X ಇರುವ ಕಡೆ ಅಂಕಿಗಳು.

```
"0821 2XXXXXX"
"08212XXXXXX"
"+91 821 2XXXXXX"
```

ಆಮೇಲೆ ಕ್ಲಿನಿಕ್ಕಿನ ಹೆಸರು. ಊರಿನ ಹೆಸರನ್ನು ಎರಡು ರೀತಿಯಲ್ಲಿ ಹಾಕಬೇಕು. 2014ರ ನವೆಂಬರ್ 1ಕ್ಕೆ ಮೊದಲು ಇಂಗ್ಲಿಷಿನಲ್ಲಿ ಬರೆಯುತ್ತಿದ್ದದ್ದು Mysore. ಹಳೆಯ ವೆಬ್‌ಸೈಟುಗಳಲ್ಲಿ ಈಗಲೂ ಹಾಗೇ ಇದೆ. ಬೇಡದ ಸೈಟುಗಳನ್ನು ಮೈನಸ್ ಚಿಹ್ನೆ ಹಾಕಿ ತೆಗೆಯಬಹುದು.

```
"ಕ್ಲಿನಿಕ್ ಹೆಸರು" Mysore ENT -site:justdial.com -site:practo.com
"ಕ್ಲಿನಿಕ್ ಹೆಸರು" Mysuru ENT -site:justdial.com -site:practo.com
```

ಕ್ಲಿನಿಕ್ ಹೆಸರನ್ನು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಹೇಗಿದೆಯೋ ಹಾಗೇ ಹಾಕಿ. ಹೀಗೆ ಹುಡುಕಿದಾಗ ಎರಡು ಹೊಸ ಪುಟ ಸಿಕ್ಕವು. ಒಂದು, ಸಾದಾ ಸೀದಾ ವೆಬ್‌ಸೈಟ್. ಬಿಳಿ ಹಿನ್ನೆಲೆ, ಕಟ್ಟಡದ ಮಸುಕು ಫೋಟೋ. ವಿಳಾಸ ಕುವೆಂಪುನಗರದ್ದು, ಸ್ಥಿರ ದೂರವಾಣಿ ಚೀಟಿಯಲ್ಲಿದ್ದದ್ದೇ. ಇನ್ನೊಂದು, ಊರಿನ ದೊಡ್ಡ ಆಸ್ಪತ್ರೆಯೊಂದರ ಪುಟ. ಅಲ್ಲಿ ಈ ಡಾಕ್ಟರು ವಾರಕ್ಕೆ ಎರಡು ದಿನ ಬೆಳಿಗ್ಗೆ ನೋಡುತ್ತಾರೆ ಅಂತಿತ್ತು. ಈ ಎರಡನೆಯ ಬಗೆಯ ಪುಟವನ್ನು ಜನ ಗಮನಿಸುವುದೇ ಇಲ್ಲ. ಆಸ್ಪತ್ರೆ ತನ್ನ ಡಾಕ್ಟರುಗಳ ಪಟ್ಟಿಯನ್ನು ತಾನೇ ಮಾಡುತ್ತದೆ, ಡೈರೆಕ್ಟರಿಯಿಂದ ಎತ್ತುವುದಿಲ್ಲ. ಹಾಗಾಗಿ ಅದು ನಿಜವಾಗಿಯೂ ಎರಡನೇ ಸಾಕ್ಷಿ. ಅಲ್ಲಿ ಹೆಸರಿನ ಸ್ಪೆಲ್ಲಿಂಗ್ ಚೀಟಿಯಲ್ಲಿದ್ದ ಹಾಗೇ ಇತ್ತು.

ಇನ್ನು ಆ ಚೆಂದದ ವೆಬ್‌ಸೈಟ್. ಡಾಕ್ಟರ ಹೆಸರು, ಊರಿನ ಹೆಸರು, ಕೊನೆಯಲ್ಲಿ `.in`. ಬೀಗದ ಚಿಹ್ನೆಯೂ ಇದೆ. ಬೀಗ ಹೇಳುವುದು ಇಷ್ಟೇ: ನೀವು ಟೈಪ್ ಮಾಡಿದ್ದನ್ನು ದಾರಿಯಲ್ಲಿ ಯಾರೂ ಓದಲಾರರು. ಆ ತುದಿಯಲ್ಲಿ ಕೂತವರು ಯಾರು ಅಂತ ಅದು ಹೇಳುವುದಿಲ್ಲ. `.in` ಕೂಡ ಯಾರು ಬೇಕಾದರೂ ಕೊಳ್ಳಬಹುದು. `.gov.in` ಸರ್ಕಾರಿ ಸಂಸ್ಥೆಗಳಿಗೆ ಮಾತ್ರ, `.ac.in` ಶಿಕ್ಷಣ ಸಂಸ್ಥೆಗಳಿಗೆ ಮಾತ್ರ. ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ `.bank.in`ಗೆ ಹೋಗಬೇಕು ಅಂತ ರಿಸರ್ವ್ ಬ್ಯಾಂಕ್ ಗಡುವು ಕೊಟ್ಟಿತ್ತು. ಖಾಸಗಿ ಕ್ಲಿನಿಕ್‌ಗಳಿಗೆ ಅಂಥ ಬೇಲಿ ಇಲ್ಲ. ಬೇಕು ಅಂತ ನನ್ನ ಅನಿಸಿಕೆ, ಆದರೆ ಅದು ಬೇರೆ ಮಾತು.

ಆ ಸೈಟಿನ ತಳಕ್ಕೆ ಹೋದೆವು. ಸತ್ಯ ಇರುವುದು ಯಾವಾಗಲೂ ತಳದಲ್ಲಿ, ಸಣ್ಣ ಅಕ್ಷರದಲ್ಲಿ. ಕಾಪಿರೈಟ್ ಸಾಲಿನಲ್ಲಿ ಕ್ಲಿನಿಕ್ ಹೆಸರಿಲ್ಲ, ಯಾವುದೋ ಮಾರ್ಕೆಟಿಂಗ್ ಕಂಪನಿ. ‘ಷರತ್ತುಗಳು’ ಪುಟ ತೆರೆದರೆ, ‘ನಾವು ರೋಗಿಗಳನ್ನು ಸೂಕ್ತ ವೈದ್ಯರಿಗೆ ಸಂಪರ್ಕಿಸುವ ಸೇವೆ’ ಎಂಬ ಅರ್ಥದ ಒಂದು ಸಾಲು. ಅಂದರೆ ಅಲ್ಲಿ ಫಾರಂ ತುಂಬಿದರೆ ನೀವು ಈ ಡಾಕ್ಟರ ಹತ್ತಿರವೇ ಹೋಗುತ್ತೀರಿ ಅನ್ನುವ ಖಾತ್ರಿ ಇಲ್ಲ. ಫೋನ್ ನಂಬರ್ ಬೆಂಗಳೂರಿನ 080. ಕ್ಲಿನಿಕ್ ಫೋಟೋ ಒಂದೂ ಇಲ್ಲ, ಇರುವುದು ಎಲ್ಲೆಲ್ಲೂ ಕಾಣುವ ನಗುವ ಮಾಡೆಲ್‌ಗಳ ಚಿತ್ರ. ಮೇಲಿನಿಂದ ‘ಮೈಸೂರಿನ ನಂಬರ್ ಒನ್’ ಅಂತ ದೊಡ್ಡಕ್ಷರ. ರೋಗಿಗಳನ್ನು ಸೆಳೆಯುವ ಜಾಹೀರಾತು ಡಾಕ್ಟರುಗಳಿಗೆ 2002ರ ಆ ನಿಯಮಗಳಲ್ಲೇ ನಿಷಿದ್ಧ. ಕ್ಲಿನಿಕ್ ತೆರೆದಾಗ, ವಿಳಾಸ ಬದಲಾದಾಗ ತಿಳಿಸಬಹುದು. ಹಾಗಾಗಿ ಸ್ವಂತ ಕ್ಲಿನಿಕ್ ಇರುವ ಡಾಕ್ಟರ ಅಸಲಿ ಸೈಟ್ ಸಾಮಾನ್ಯವಾಗಿ ಸಪ್ಪೆಯಾಗೇ ಇರುತ್ತದೆ.

ಇನ್ನೊಂದು ಪರೀಕ್ಷೆ, ಸೈಟ್ ಹುಟ್ಟಿದ್ದು ಯಾವಾಗ ಅನ್ನುವುದು. `.com` ಆದರೆ `lookup.icann.org` ಎಂಬಲ್ಲಿ ಸೈಟಿನ ಹೆಸರು ಹಾಕಿದರೆ ನೋಂದಣಿಯಾದ ದಿನಾಂಕ ಸಿಗುತ್ತದೆ. `.in` ಆದರೆ, ಕಂಪ್ಯೂಟರ್ ಬಲ್ಲ ಮೊಮ್ಮಕ್ಕಳಿಗೆ ಟರ್ಮಿನಲ್‌ನಲ್ಲಿ ಹೀಗೆ ಟೈಪ್ ಮಾಡಲು ಹೇಳಿ, `example.in` ಇರುವ ಕಡೆ ಸೈಟಿನ ಹೆಸರು:

```
whois example.in
```

`Creation Date` ಸಾಲು ನೋಡಿ. ಮಾಲೀಕರ ಹೆಸರು ಸಾಮಾನ್ಯವಾಗಿ ಮುಚ್ಚಿರುತ್ತದೆ, ಅದರಿಂದ ಅನುಮಾನ ಪಡಬೇಡಿ. ಆ ಚೆಂದದ ಸೈಟ್ ಹುಟ್ಟಿ ಕೆಲವೇ ತಿಂಗಳಾಗಿತ್ತು. ಸಾದಾ ಸೈಟಿಗೆ ವರ್ಷಗಳ ವಯಸ್ಸು. ಆದರೆ ಇದೊಂದನ್ನೇ ನೆಚ್ಚಿಕೊಳ್ಳಬಾರದು. ಡಾಕ್ಟರು ನವೀಕರಿಸಲು ಮರೆತರೆ ಹಳೆಯ ಹೆಸರು ಕೈಬಿಟ್ಟು ಹೋಗುತ್ತದೆ, ಬೇರೆ ಯಾರೋ ಕೊಂಡು ಅದರಲ್ಲಿ ಜೂಜಿನ ಜಾಹೀರಾತು ಹಾಕುತ್ತಾರೆ. ಆಗ ಡಾಕ್ಟರು ಹೊಸ ಹೆಸರಿನಲ್ಲಿ ಹೊಸ ಸೈಟ್ ಮಾಡಿಸುತ್ತಾರೆ. ಅಲ್ಲಿ ಹೊಸದೇ ಅಸಲಿ. ಹಳೆಯ ಪುಟ ಮೊದಲು ಹೇಗಿತ್ತು ಅಂತ `web.archive.org`ನಲ್ಲಿ ಕೆಲವು ಸಲ ಸಿಗುತ್ತದೆ.

ನೋಂದಣಿ ಸಂಖ್ಯೆಯ ವಿಷಯಕ್ಕೆ ಬರುತ್ತೇನೆ. ನ್ಯಾಷನಲ್ ಮೆಡಿಕಲ್ ಕಮಿಷನ್‌ನ `nmc.org.in`ನಲ್ಲಿ ಇಂಡಿಯನ್ ಮೆಡಿಕಲ್ ರಿಜಿಸ್ಟರ್ ಅಂತ ಇದೆ. ಹೆಸರೋ ಸಂಖ್ಯೆಯೋ ಹಾಕಿ, ರಾಜ್ಯದ ಕೌನ್ಸಿಲ್ ಆರಿಸಿದರೆ ಡಾಕ್ಟರ ಡಿಗ್ರಿ, ನೋಂದಣಿ ವರ್ಷ ಬರುತ್ತದೆ. ಹಲ್ಲಿನ ಡಾಕ್ಟರು, ಆಯುರ್ವೇದ, ಹೋಮಿಯೋಪಥಿಯವರು ಇದರಲ್ಲಿ ಸಿಗುವುದಿಲ್ಲ, ಅವರಿಗೆ ಬೇರೆ ಬೇರೆ ಮಂಡಳಿಗಳಿವೆ. ಕ್ಲಿನಿಕ್ಕಿಗೇ ಬೇರೆ ನೋಂದಣಿ. ಅದು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಬರುತ್ತದೆ. ಜನ ಅದನ್ನು ಕೆಪಿಎಂಇ ಅನ್ನುತ್ತಾರೆ.

ಆದರೆ ಒಂದು ಎಚ್ಚರ. ರಿಜಿಸ್ಟರ್ ಹೇಳುವುದು ಇಂಥ ಡಾಕ್ಟರು ಇದ್ದಾರೆ ಅಂತ. ಈ ವೆಬ್‌ಸೈಟ್ ಅವರದು ಅಂತ ಅಲ್ಲ. ಸಂಖ್ಯೆ ಪ್ರತಿ ಚೀಟಿಯಲ್ಲೂ ಅಚ್ಚಾಗಿರುವಾಗ ಮೋಸಗಾರನೂ ಅದನ್ನು ನಕಲು ಮಾಡಬಲ್ಲ. ಸಂಖ್ಯೆ ಹೊಂದದಿದ್ದರೆ ಸೈಟನ್ನು ತಳ್ಳಿಹಾಕಿ. ಹೊಂದಿದರೆ ಮುಂದಿನ ಹೆಜ್ಜೆ ಇಡಿ, ಅಷ್ಟೇ.

ಮುಂದಿನ ಹೆಜ್ಜೆ ಫೋನ್. ಸೈಟಿನಲ್ಲಿರುವ ನಂಬರಿಗಲ್ಲ, ಚೀಟಿಯಲ್ಲಿರುವ ನಂಬರಿಗೆ. ಸೈಟಿನ ನಂಬರಿಗೆ ಮಾಡಿ ‘ಇದು ನಿಮ್ಮದೇನಾ?’ ಅಂದರೆ ಯಾರಾದರೂ ಹೌದು ಅಂತಲೇ ಹೇಳುತ್ತಾರೆ! ಆ ಹೆಣ್ಣುಮಗಳು ಸಂಜೆ ಫೋನ್ ಮಾಡಿದರು. ಕ್ಲಿನಿಕ್ ಹೆಸರು ಹೇಳಿಯೇ ಒಬ್ಬರು ಎತ್ತಿದರು.

‘ಮೇಡಂ, ನಿಮ್ಮ ವೆಬ್‌ಸೈಟ್ ಹೆಸರು ಹೇಳ್ತೀರಾ?’

‘ಇದೆ ಮೇಡಂ, ಬಿಲ್ಲಿನ ಕೆಳಗಿದೆ ನೋಡಿ ಹೇಳ್ತೀನಿ. ಆದ್ರೆ ಅದ್ರಲ್ಲಿ ಟೈಮಿಂಗ್ ಹಳೇದು, ಅದನ್ನ ನೋಡಿ ಬರಬೇಡಿ. ಗುರುವಾರ ಸಂಜೆ ಸಾರ್ ಇರಲ್ಲ. ಅಪಾಯಿಂಟ್‌ಮೆಂಟ್ ಫೋನಲ್ಲೇ ಬರ್ಕೋತೀವಿ, ದುಡ್ಡು ಇಲ್ಲಿ ಬಂದಾಗ ಕೊಡಿ.’

ಅವರು ಹೇಳಿದ್ದು ಸಾದಾ ಸೈಟಿನ ಹೆಸರನ್ನೇ. ಚೆಂದದ ಸೈಟಿನ ಬಗ್ಗೆ ಕೇಳಿದರೆ ಅವರಿಗೆ ಗೊತ್ತೇ ಇರಲಿಲ್ಲ. ಅಸಲಿ ಸೈಟ್ ಸಿಕ್ಕಿತು, ಅದರಲ್ಲಿನ ಸಮಯ ಮಾತ್ರ ತಪ್ಪು. ಅಸಲಿ ಅನ್ನುವುದೇ ಬೇರೆ, ಈಗಿನದು ಅನ್ನುವುದೇ ಬೇರೆ. ಸಣ್ಣ ಕ್ಲಿನಿಕ್‌ಗಳಲ್ಲಿ ಸೈಟ್ ಮಾಡಿಕೊಟ್ಟ ಹುಡುಗ ಊರು ಬಿಟ್ಟ ಮೇಲೆ ಅದನ್ನು ಮುಟ್ಟುವವರೇ ಇರುವುದಿಲ್ಲ.

ಸಭೆಯಿಂದ ಬಂದ ಪ್ರಶ್ನೆಗಳು

*ಹಳೇ ಚೀಟಿ ಇಲ್ಲ, ಹೊಸ ಡಾಕ್ಟರು. ಆಗ ಏನು ಮಾಡೋದು?*

ಆಗ ಕೈಯಲ್ಲಿ ಕಾಗದ ಇರುವ ಬೇರೆಯವರನ್ನು ಹಿಡಿಯಿರಿ. ನಿಮ್ಮನ್ನು ಕಳಿಸಿದ ಡಾಕ್ಟರು, ಬೀದಿಯ ಔಷಧಿ ಅಂಗಡಿಯವರು. ಔಷಧಿ ಅಂಗಡಿಗೆ ದಿನಾ ಆ ಡಾಕ್ಟರ ಚೀಟಿ ಬರುತ್ತಿರುತ್ತದೆ. ಅದೂ ಆಗದಿದ್ದರೆ ಮ್ಯಾಪ್‌ನಲ್ಲಿ ಜನ ಹಾಕಿದ ಫೋಟೋಗಳನ್ನು ನೋಡಿ. ಬೋರ್ಡಿನ ಫೋಟೋ ಇದ್ದರೆ ದೊಡ್ಡದು ಮಾಡಿ ನಂಬರ್ ಓದಿ, ಫೋಟೋ ತೆಗೆದ ತಿಂಗಳು, ವರ್ಷವನ್ನೂ ಗಮನಿಸಿ. ಮೇಲೆ ಅಕ್ಷರದಲ್ಲಿ ಬರೆದ ನಂಬರಿಗಿಂತ ಬೋರ್ಡಿನ ನಂಬರ್ ಮೇಲು.

*ಹುಡುಕಿ ಹುಡುಕಿ ವೆಬ್‌ಸೈಟೇ ಸಿಗಲಿಲ್ಲ ಅಂದರೆ?*

ಇಲ್ಲದೇ ಇರಬಹುದು. ಒಬ್ಬರೇ ನಡೆಸುವ ಎಷ್ಟೋ ಕ್ಲಿನಿಕ್‌ಗಳಿಗೆ ವೆಬ್‌ಸೈಟ್ ಇಲ್ಲವೇ ಇಲ್ಲ. ಇರಲೇಬೇಕು ಅಂತ ಹಟ ಹಿಡಿದು ಹುಡುಕಿದರೆ ಯಾವುದೋ ಚೆಂದದ್ದನ್ನು ಅಸಲಿ ಅಂತ ಒಪ್ಪಿಬಿಡುತ್ತೀರಿ. ‘ಇಲ್ಲ’ ಅನ್ನುವುದೂ ಒಂದು ಉತ್ತರವೇ.

*ಅಪಾಯಿಂಟ್‌ಮೆಂಟಿಗೆ ಹತ್ತೇ ರೂಪಾಯಿ ಕಟ್ಟಿ ಅಂತ ವಾಟ್ಸಾಪ್‌ನಲ್ಲಿ ಲಿಂಕ್ ಬಂದಿತ್ತು. ಹತ್ತು ರೂಪಾಯಿ ತಾನೇ ಅಂತ...*

ಅವರಿಗೆ ಬೇಕಾಗಿರುವುದು ಹತ್ತು ರೂಪಾಯಿ ಅಲ್ಲ. ಆ ಲಿಂಕಿನಲ್ಲಿ ನೀವು ಹಾಕುವ ಕಾರ್ಡ್ ನಂಬರ್, ಯುಪಿಐ ಪಿನ್, ಇಲ್ಲವೇ ಕೊನೆಯಲ್ಲಿ `.apk` ಅಂತಿರುವ ಫೈಲ್ ನಿಮ್ಮ ಫೋನಿಗೆ ಇಳಿಯುವುದು ಬೇಕು. ಅದನ್ನು ಇನ್‌ಸ್ಟಾಲ್ ಮಾಡಿದರೆ ನಿಮಗೆ ಬರುವ ಓಟಿಪಿಯನ್ನು ಅವರೂ ಓದಬಹುದು. ಯಾವ ಕ್ಲಿನಿಕ್ಕೂ ಟೋಕನ್ ಕೊಡಲು ಇಂಥ ಫೈಲ್ ಕಳಿಸುವುದಿಲ್ಲ. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, `cybercrime.gov.in`ನಲ್ಲಿ ದೂರು ದಾಖಲಿಸಿ. ಬೇಗ ಹೇಳಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಜಾಸ್ತಿ.

*ಆ ಹಳೇ ಪಿನ್ ಏನಾಯಿತು ಸಾರ್?*

`Suggest an edit` ನಮಗೂ ಉಂಟಲ್ಲ. ಅದರೊಳಗೆ ಜಾಗ ಮುಚ್ಚಿದೆ, ಬೇರೆ ಕಡೆ ಹೋಗಿದೆ, ಒಂದೇ ಜಾಗ ಎರಡು ಸಲ ಬಂದಿದೆ ಅಂತ ಹೇಳಲು ಅವಕಾಶ ಇದೆ. ಆ ಹೆಣ್ಣುಮಗಳು ಬೇರೆ ಕಡೆ ಹೋಗಿದೆ ಅನ್ನುವುದನ್ನು ಆರಿಸಿ ಕಳಿಸಿದರು. ಪಿನ್ ಸರಿಹೋಯಿತು. ಡೈರೆಕ್ಟರಿಗಳಲ್ಲಿ ಮಾತ್ರ ಕ್ಲಿನಿಕ್ ಇವತ್ತಿಗೂ ಪೆಟ್ರೋಲ್ ಬಂಕ್ ಎದುರೇ ಇದೆ. ಅದನ್ನು ತಿದ್ದಿಸಬೇಕಾದರೆ ಕ್ಲಿನಿಕ್ಕಿನವರೇ ಒಂದೊಂದು ಡೈರೆಕ್ಟರಿಗೂ ಬೇರೆ ಬೇರೆಯಾಗಿ ಬರೆಯಬೇಕು. ರಿಸೆಪ್ಷನ್‌ನಲ್ಲಿ ಒಬ್ಬರೇ ಕೂತು ಟೋಕನ್ನೂ ಕೊಟ್ಟು ಬಿಲ್ಲೂ ಬರೆಯುವ ಕಡೆ ಅದಕ್ಕೆ ಪುರುಸೊತ್ತು ಎಲ್ಲಿ?